‘ಅಕ್ಕ ಬಂತು’ ತಪ್ಪಲ್ಲ

ಪುಸ್ತಕ: ಕುಂಬಳೆ ಸೀಮೆಯ ಹವ್ಯಕ ನುಡಿ – ವಿವರಣಾ ವ್ಯಾಕರಣ, 286 ಪುಟ

ಶಾಲೆಯಲ್ಲಿ ‘ಅಕ್ಕ ಬಂದಳು’ ಎನ್ನುವ ಬದಲು ಮನೆಯ ಹವ್ಯಕ ಮಾತಿನಂತೆ ‘ಅಕ್ಕ ಬಂತು’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡವನು ನಾನು. ಹಾಗಾಗಿ ಈ ಪುಸ್ತಕ ಕೈಗೆ ಬಂದಾಗ ಮೊದಲು ತೆರೆದದ್ದೇ ಲಿಂಗದ ಅಧ್ಯಾಯ. ಅಲ್ಲಿಯೂ ಅದೇ ಕೆಂಪು ಗೆರೆ!

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಲೇಖಕರ ಕಿವಿ ಬಹಳ ಚುರುಕು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಅಡಕೆ ಸುಲಿಯುತ್ತಾ ಆಡಿದ ಮಾತನ್ನು ಹಾಗೇ ಬರೆದುಕೊಂಡಿದ್ದಾರೆ. ಕ್ರಿಯಾಪದದ ಅಧ್ಯಾಯವಂತೂ ಹಬ್ಬ. ಹೋಗಲು, ಬರಲು, ಉಣ್ಣಲು, ತಿನ್ನಲು ಎನ್ನುವ ಹೋಪಲೆ, ಬಪ್ಪಲೆ, ಉಂಬಲೆ, ತಿಂಬಲೆ ಎಲ್ಲವೂ ಸಾಲಾಗಿ ಇವೆ. ಹಳಗನ್ನಡದ ‘ಪೋಪ’, ‘ಬರ್ಪ’ ನಮ್ಮ ಅಡಿಗೆಮನೆಯಲ್ಲಿ ಇನ್ನೂ ಓಡಾಡುತ್ತಿವೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ವಾಕ್ಯದ ಭಾಗಕ್ಕೆ ಬಂದರೆ ಉದಾಹರಣೆಗಳ ಬಣ್ಣವೇ ಬೇರೆ. ‘ರಾಮ ಮರ ಕಡಿದ’ ಎಂಬಂಥ ಪಾಠದ ವಾಕ್ಯ ಕೊಟ್ಟು, ಹವ್ಯಕದಲ್ಲಿ ಹೇಳಿ ಎಂದು ಕೇಳಿದಂತಿದೆ. ಹಾಗೆ ಕೇಳಿದರೆ ಯಾರಾದರೂ ಕನ್ನಡದ ಅಚ್ಚಿನಲ್ಲೇ ಉತ್ತರ ಕೊಡುತ್ತಾರೆ, ಅಲ್ವಾ? ಯಾರು ಹೇಳಿದರು, ಯಾವ ಊರಿನವರು, ಎಷ್ಟು ವಯಸ್ಸು ಎಂಬ ಗುರುತೂ ಇಲ್ಲ.

ದೊಡ್ಡ ತಕರಾರು ಅಳತೆಗೋಲಿನದ್ದು. ಹವ್ಯಕದಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ, ಅಬ್ಬೆ ಎಂದರೆ ಅಮ್ಮ. ‘ಮಾಣಿ ಬಂದ, ಕೂಸು ಬಂತು, ಅಬ್ಬೆ ಬಂತು’ ಎಂಬುದನ್ನು ಲೇಖಕರು ‘ಲಿಂಗ ವ್ಯತ್ಯಾಸ’ ಎಂಬ ತಲೆಬರಹದಡಿ ವಿಚಿತ್ರಗಳ ಪಟ್ಟಿಗೆ ಸೇರಿಸಿದ್ದಾರೆ. ಯಾವುದರಿಂದ ವ್ಯತ್ಯಾಸ? ಪಠ್ಯಪುಸ್ತಕದ ಕನ್ನಡದಿಂದ. ಈ ನುಡಿಯೊಳಗೆ ನಿಂತು ನೋಡಿದರೆ ಲೆಕ್ಕ ಸರಳ: ಗಂಡಸು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ತೆಲುಗಿನ ಏಕವಚನದಲ್ಲೂ ಹೀಗೇ. ಅಲ್ಲಿ ಅಮ್ಮನಿಗೂ ಹಸುವಿಗೂ ‘ವಚ್ಚಿಂದಿ’. ಅದನ್ನು ತೆಲುಗಿನ ತಪ್ಪು ಎಂದು ಯಾರೂ ಬರೆಯುವುದಿಲ್ಲ. ತೆಲುಗಿನಲ್ಲಿ ಬಹುವಚನಕ್ಕೆ ಹೋದರೆ ಹೆಂಗಸರು ಗಂಡಸರ ಜೊತೆ ಸೇರುತ್ತಾರೆ. ನಮ್ಮಲ್ಲಿ? ಪುಸ್ತಕದಲ್ಲಿ ಬಹುವಚನದ ಪಟ್ಟಿಯೇ ಇಲ್ಲ.

‘ಎಂಗೊ’ ಮತ್ತು ‘ನಾವು’ಗೆ ಸಿಕ್ಕಿರುವುದು ಅರ್ಧ ಪುಟ. ಕೇಳುವವರನ್ನು ಬಿಟ್ಟರೆ ‘ಎಂಗೊ’, ಸೇರಿಸಿಕೊಂಡರೆ ‘ನಾವು’. ಇಂಥದೇ ಜೋಡಿಗಳಾದ ತುಳುವಿನ ಎಂಕುಲು–ನಮ, ಮಲಯಾಳದ ಞಙ್ಙಳ್–ನಮ್ಮಳ್ ಬೇಲಿಯಾಚೆಗೇ ಇವೆ. ಕಾಸರಗೋಡಿನಲ್ಲಿ ಕೂತು ವ್ಯಾಕರಣ ಬರೆಯುವವರು ಆಚೆ ಒಮ್ಮೆ ಇಣುಕಬೇಡವೇ?

ವಿಭಕ್ತಿಗಳು ಮತ್ತೆ ಅದೇ ಸಂಸ್ಕೃತದ ಕ್ರಮದಲ್ಲಿ ಸಾಲಾಗಿ ನಿಂತಿವೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರೆದು ಎರಡು ದಶಕ ದಾಟಿತು. ಆ ಮಾತು ಹವ್ಯಕಕ್ಕೂ ಸಲ್ಲುತ್ತದೆ. ಇದು ಭಾಷೆಯೋ ಉಪಭಾಷೆಯೋ ಎಂಬ ಜಗಳಕ್ಕೆ ಹೋಗದೆ ಸುಮ್ನೆ ‘ನುಡಿ’ ಎಂದಿರುವ ಲೇಖಕರ ಜಾಣತನ ಮಾತ್ರ ಮೆಚ್ಚುಗೆಯಾಯಿತು.

ಕೊಳ್ಳಬಹುದಾ? ಖಂಡಿತ. ಇಷ್ಟು ಮಾತನ್ನು ಒಂದೇ ಕಡೆ ಕೂಡಿಸುವುದು ಸಣ್ಣ ಕೆಲಸವಲ್ಲ. ಲಿಂಗದ ಅಧ್ಯಾಯದಲ್ಲಿ ಉದಾಹರಣೆಗಳನ್ನು ಓದಿ, ವಿವರಣೆಯನ್ನು ದಾಟಿ ಹೋಗಿ.