ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ, ಮೂರು ವಾರ ಎ ಶಿಫ್ಟ್ ಕೊಡಿ ಸರ್

ನಮಸ್ಕಾರ ಸರ್,

ನಾನು ಮಂಜುನಾಥ, ಸಿಎನ್‌ಸಿ ಟರ್ನಿಂಗ್, ಸಿ ಶಿಫ್ಟ್. ಮಾರ್ಚ್ 16 ಸೋಮವಾರದಿಂದ ಏಪ್ರಿಲ್ 4 ಶನಿವಾರದ ತನಕ ನನ್ನನ್ನು ಎ ಶಿಫ್ಟಿಗೆ ಹಾಕಿಕೊಡಿ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ 18ಕ್ಕೆ ಶುರುವಾಗಿ ಏಪ್ರಿಲ್ 2ಕ್ಕೆ ಮುಗಿಯುತ್ತದೆ. ನಾನು ಬೆಳಿಗ್ಗೆ ಗೇಟ್ ದಾಟುವ ಹೊತ್ತಿಗೆ ನೀವು ಬಂದಿರುವುದಿಲ್ಲ, ಅದಕ್ಕೇ ಮೆಸೇಜ್ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೂಪರ್‌ವೈಸರ್ ಹತ್ತಿರ ಕೇಳಿದೆ. "ನೈಟ್ ಮಾಡುವವನು ಹಗಲೆಲ್ಲ ಮನೆಯಲ್ಲೇ ಇರ್ತೀಯಲ್ಲ, ಇನ್ನೇನು ಬೇಕು" ಅಂದರು. ಹೊರಗಿಂದ ನೋಡಿದರೆ ಹಾಗೇ ಕಾಣುತ್ತದೆ ಸರ್. ಆದರೆ ನಾನು ಮನೆಯಲ್ಲಿದ್ದೇ ಅವಳ ಓದು ಕೆಡುತ್ತಿದೆ. ಲಗ್ಗೆರೆಯಲ್ಲಿ ನಮ್ಮದು ಒಂದು ರೂಮು, ಒಂದು ಅಡುಗೆಮನೆ. ನಾನು ಏಳೂವರೆಗೆ ಹೋಗಿ ಮಲಗಿದರೆ ಕಿಟಕಿ ಮುಚ್ಚಬೇಕು, ಲೈಟ್ ಆರಿಸಬೇಕು. ಈಗ ಓದುವುದಕ್ಕೆ ರಜೆ ಕೊಟ್ಟಿದ್ದಾರೆ, ಅವಳು ದಿನಪೂರ್ತಿ ಮನೆಯಲ್ಲೇ ಇರುತ್ತಾಳೆ. ಅವಳಿಗೆ ಬಾಯಿಬಿಟ್ಟು ಓದಿದರೇ ತಲೆಗೆ ಹೋಗುವುದು, ಅಪ್ಪನ ನಿದ್ದೆ ಕೆಡುತ್ತದೆ ಅಂತ ಪುಸ್ತಕ ತಗೊಂಡು ಮೆಟ್ಟಿಲ ಮೇಲೆ ಕೂರುತ್ತಾಳೆ, ಅಲ್ಲಿ ಬಿಸಿಲು ಬಂದರೆ ಟೆರೇಸಿನ ನೀರಿನ ಟ್ಯಾಂಕ್ ನೆರಳಿಗೆ ಹೋಗುತ್ತಾಳೆ. ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ಸಂಜೆ. ಊಟ ಮಾಡಿ ಒಂದೆರಡು ಲೆಕ್ಕ ಹೇಳಿಕೊಡುವುದರೊಳಗೆ ಡ್ಯೂಟಿಗೆ ಹೊರಡುವ ಹೊತ್ತಾಗಿರುತ್ತದೆ. ಅವಳು ನಿಜವಾಗಿ ಕೂತು ಓದುವುದು ರಾತ್ರಿ, ಆ ಹೊತ್ತಿಗೆ ನಾನು ಇಲ್ಲಿ ಮಷಿನ್ ಮುಂದೆ.

ಅವಳಿಗೆ ಕಷ್ಟ ಇರುವುದು ಗಣಿತ ಒಂದೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 31 ಬಂತು, ಬೇರೆ ಎಲ್ಲದರಲ್ಲೂ ಚೆನ್ನಾಗಿ ತೆಗೆದಿದ್ದಾಳೆ. ಟ್ಯೂಷನ್‌ಗೆ ಕಳಿಸುವ ಶಕ್ತಿ ಈಗ ಇಲ್ಲ. ನಾನು ಐಟಿಐ ಓದಿದವನು, ತ್ರಿಕೋನಮಿತಿ ನನಗೆ ದಿನಾ ಕೈಯಲ್ಲಿ ಆಡುವ ವಿಷಯ. ಟೇಪರ್ ತೆಗೆಯುವಾಗ ದೊಡ್ಡ ವ್ಯಾಸದಲ್ಲಿ ಚಿಕ್ಕ ವ್ಯಾಸ ಕಳೆದು, ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅರ್ಧ ಕೋನದ ಟ್ಯಾನ್ ಬರುತ್ತದಲ್ವಾ, ಅದನ್ನೇ ಒಂದು ಭಾನುವಾರ ಚಿತ್ರ ಬರೆದು ತೋರಿಸಿದೆ. ಅಲ್ಲಿಯ ತನಕ ಬಾಯಿಪಾಠ ಮಾಡುತ್ತಿದ್ದವಳು ಮುಂದಿನ ಮೂರು ಲೆಕ್ಕ ತಾನೇ ಮಾಡಿದಳು. ಅವಳಿಗೆ ಬುದ್ಧಿ ಇದೆ ಸರ್, ಪಕ್ಕದಲ್ಲಿ ಕೂತು ಹೇಳುವವರು ಬೇಕು ಅಷ್ಟೇ. ಮನೆಯಲ್ಲಿ ಅದನ್ನು ಹೇಳಿಕೊಡಬಲ್ಲವನು ನಾನೊಬ್ಬನೇ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗಿ ಬರುವುದೇ ಏಳು ಗಂಟೆಗೆ.

ಎ ಶಿಫ್ಟ್ ಆದರೆ ಎರಡಕ್ಕೆ ಬಿಟ್ಟು ಮೂರರೊಳಗೆ ಮನೆಯಲ್ಲಿರುತ್ತೇನೆ. ಅವಳೂ ಪರೀಕ್ಷೆ ಮುಗಿಸಿ ಬಂದಿರುತ್ತಾಳೆ, ರಾತ್ರಿ ಹತ್ತರ ತನಕ ಜೊತೆಯಲ್ಲಿ ಕೂರಬಹುದು. ಪೇಪರ್‌ಗಳ ಮಧ್ಯೆ ಬಿಡುವಿನ ದಿನ ಇದೆ, ಆ ದಿನಗಳೇ ಮುಖ್ಯ. ಪರೀಕ್ಷಾ ಕೇಂದ್ರ ನಂದಿನಿ ಲೇಔಟ್ ಕಡೆ ಬಂದಿದೆ, ಬೆಳಿಗ್ಗೆ ಬಿಡುವುದಕ್ಕೆ ಹೆಂಡತಿ ಪರ್ಮಿಷನ್ ಕೇಳಿದ್ದಾಳೆ. ಆ ಜವಾಬ್ದಾರಿ ನಮ್ಮದು.

ಫೇಲಾದರೂ ಎರಡನೇ ಪರೀಕ್ಷೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ, ನಿಜ. ಆದರೆ ಅವಳಿಗೆ ಡಿಪ್ಲೊಮಾ ಮೆಕ್ಯಾನಿಕಲ್ ಸೇರುವ ಆಸೆ, ಅಲ್ಲಿ ಗಣಿತ, ವಿಜ್ಞಾನದ ಅಂಕ ನೋಡುತ್ತಾರೆ. ಮೊದಲ ಸಲವೇ ಚೆನ್ನಾಗಿ ಬರೆಯಲಿ ಅನ್ನುವುದು ನನ್ನ ಆಸೆ.

ನಿಮಗೆ ಕೆಲಸ ನಿಲ್ಲಬಾರದು, ಅದು ನನಗೂ ಗೊತ್ತು. ನನ್ನ ಬದಲಿಗೆ ನೈಟ್ ಮಾಡಲು ಎ ಶಿಫ್ಟಿನ ರವಿ ಒಪ್ಪಿದ್ದಾನೆ. ಅವನೂ ಅದೇ ಎರಡು ಮಷಿನ್ ಓಡಿಸುವವನು, ಸೆಟ್ಟಿಂಗ್ ಗೊತ್ತು, ಆಫ್‌ಸೆಟ್ ಹಾಕುವುದು ಗೊತ್ತು. ರೂಮಿನಲ್ಲಿ ಒಬ್ಬನೇ ಇರುವುದು, ನೈಟ್ ಅಲೋಯನ್ಸ್ ಬಂದರೆ ಅವನಿಗೂ ಅನುಕೂಲ. ನೀವು ಅವನನ್ನೇ ಕರೆದು ಕೇಳಿ. ಆ ಮೂರು ವಾರದ ಅಲೋಯನ್ಸ್ ನನಗೆ ಬೇಡ. ಭಾನುವಾರ ವಾರದ ರಜೆ ಇರುವುದರಿಂದ 15ರಂದೇ ಬದಲಾಯಿಸಿದರೆ ಇಬ್ಬರಿಗೂ ಡಬಲ್ ಡ್ಯೂಟಿ ಬೀಳುವುದಿಲ್ಲ. ಬೇರಿಂಗ್ ಹೌಸಿಂಗ್ ಜಾಬಿನಲ್ಲಿ ಬೋರ್ ಸೈಜ್ ಆಗಾಗ ಹೆಚ್ಚುಕಮ್ಮಿ ಆಗುತ್ತಿದೆ, ಯಾವ ಇನ್ಸರ್ಟ್ ಎಷ್ಟು ಪೀಸಿಗೆ ಬದಲಾಯಿಸಬೇಕು ಅಂತ ಅವನಿಗೆ ಬರೆದು ಕೊಡುತ್ತೇನೆ. ರಿಜೆಕ್ಷನ್ ಬಂದರೆ ಫೋನ್ ಮಾಡಲಿ, ರಾತ್ರಿ ಎಷ್ಟೊತ್ತಾದರೂ ತೆಗೆಯುತ್ತೇನೆ.

ಮೂರು ವಾರ ಕೊಡಲು ಆಗುವುದೇ ಇಲ್ಲ ಅಂದರೆ ಗಣಿತ ಪೇಪರ್ ಇರುವ ವಾರವನ್ನಾದರೂ ಕೊಡಿ. ಬಿ ಶಿಫ್ಟ್ ಬೇಡ ಸರ್, ಅದರಲ್ಲಿ ಸಂಜೆ ಪೂರ್ತಿ ಹೋಗುತ್ತದೆ. ಏಪ್ರಿಲ್ 6ರಿಂದ ನಾನು ಮತ್ತೆ ನೈಟಿಗೇ ಬರುತ್ತೇನೆ, ಆಮೇಲೆ ರವಿಗೆ ಊರಿಗೆ ಹೋಗಬೇಕಾದಾಗ ಅವನ ಬದಲಿಗೆ ನಿಲ್ಲುತ್ತೇನೆ ಅಂತ ಈಗಾಗಲೇ ಹೇಳಿದ್ದೇನೆ.

ಶನಿವಾರ ಶಿಫ್ಟ್ ಚಾರ್ಟ್ ಹಾಕುತ್ತೀರಿ, ಗುರುವಾರದೊಳಗೆ ಹೇಳಿದರೆ ಹೆಂಡತಿಯೂ ಅವಳ ಫ್ಯಾಕ್ಟರಿಯಲ್ಲಿ ಪರ್ಮಿಷನ್ ಬರೆಸಿಕೊಳ್ಳುತ್ತಾಳೆ. ಎದುರಿಗೆ ಬಂದು ಮಾತಾಡು ಅಂದರೆ ನಾಳೆ ಡ್ಯೂಟಿ ಮುಗಿದ ಮೇಲೆ ನೀವು ಬರುವ ತನಕ ಕಾಯುತ್ತೇನೆ.

ಮಂಜುನಾಥ
ಟೋಕನ್ ನಂ. 412, ಸಿ ಶಿಫ್ಟ್