ನಮ್ಮ ತಾರಸಿ ತೋಟದ ವರ್ಷದ ಲೆಕ್ಕ: ಮೈಸೂರು, ಜೂನ್‌ನಿಂದ ಮೇವರೆಗೆ

ಈ ಹಾಳೆ ತಾರಸಿ ಬಾಗಿಲ ಹಿಂದೆಯೇ ಇರಲಿ. ಬೆಳಿಗ್ಗೆ ನೀರು ಹಾಕುವ ಅಪ್ಪಾಜಿಗೂ, ನಾನು ಊರಲ್ಲಿಲ್ಲದಾಗ ಮೇಲೆ ಹೋಗುವವರಿಗೂ ಬೇಕಾಗುತ್ತದೆ. ನಮ್ಮಲ್ಲಿ 12 ಗ್ರೋ ಬ್ಯಾಗ್, 4 ಅರ್ಧ ಡ್ರಮ್, ಸೊಪ್ಪಿಗೆ 6 ಕ್ರೇಟ್ ಇವೆ. ಬೀಜದ ಪ್ಯಾಕೆಟ್ ಮೇಲೆ ‘ವರ್ಷವಿಡೀ ಬಿತ್ತಬಹುದು’ ಅಂತ ಇದ್ದರೂ ನಂಬಬೇಡಿ. ನಮ್ಮ ಗಿಡದ ಬೇರು ಇರುವುದು ಕಾದ ಕಾಂಕ್ರೀಟಿನ ಮೇಲೆ. ಬಿಸಿಲು, ಮಳೆ ನೋಡಿಯೇ ಈ ತಾರೀಖು ಹಾಕಿದ್ದೇನೆ.

ಜೂನ್
1–7: ಹಳೇ ಮಣ್ಣಿಗೆ ಮೂರರಲ್ಲಿ ಒಂದು ಭಾಗ ಎರೆಗೊಬ್ಬರ, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ.
8–10: ಮೃಗಶಿರಾ ಮಳೆ ಹಿಡಿಯುವ ಹೊತ್ತು. ಬೆಂಡೆ 4 ಬ್ಯಾಗಿಗೆ, ಹೀರೆ ಮತ್ತು ಸೋರೆ ಒಂದೊಂದು ಡ್ರಮ್ಮಿಗೆ. ಬದನೆ, ಮೆಣಸಿನಕಾಯಿ ಬೀಜ ಟ್ರೇಗೆ.

ಜುಲೈ
8–12: ಬದನೆ, ಮೆಣಸಿನ ಸಸಿ ಸಂಜೆ ಹೊತ್ತು ಬ್ಯಾಗಿಗೆ.
25ರಿಂದ: ಬೆಂಡೆ ಕೊಯ್ಲು, ದಿನ ಬಿಟ್ಟು ದಿನ. ತುದಿ ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಬಗ್ಗಿದರೆ ನಾರಾಗಿದೆ ಅಂತ ಅರ್ಥ.

ಹೀರೆಗೆ ಈ ತಿಂಗಳು ಜಾಸ್ತಿ ಕಣ್ಣಿಡಬೇಕು. ಹೂ ಅರಳುವುದು ಸಂಜೆ. ಜೇನುಹುಳು ಬರುವುದು ಕಮ್ಮಿ. ಹೆಣ್ಣು ಹೂವಿನ ಕೆಳಗೆ ಬೆರಳ ತುದಿಯಷ್ಟು ಪುಟ್ಟ ಹೀರೇಕಾಯಿ ಇರುತ್ತದೆ. ಗಂಡು ಹೂ ಕಿತ್ತು ದಳ ತೆಗೆದು, ಹಳದಿ ಪುಡಿ ಹೆಣ್ಣು ಹೂವಿನ ನಡುವೆ ತಾಗುವ ಹಾಗೆ ಮೆತ್ತಗೆ ಸವರಿ. ಎರಡು ದಿನಕ್ಕೆ ಕಾಯಿ ಉದ್ದವಾದರೆ ಕಚ್ಚಿದೆ. ಹಳದಿಯಾಗಿ ಉದುರಿದರೆ ಮರುದಿನ ಬೇರೆ ಹೂವಿಗೆ ಮತ್ತೆ ಸವರಿ. ಆಗಸ್ಟ್ 5–10ರ ಹೊತ್ತಿಗೆ ಕಾಯಿ ಸಿಗುತ್ತದೆ.

ಆಗಸ್ಟ್
15: ಅವರೆ ಎರಡು ಡ್ರಮ್ಮಿಗೆ, ಟೊಮೇಟೊ ಬೀಜ ಟ್ರೇಗೆ. ಅವರೆ ಬೇಗ ಹೂ ಬಿಡಲಿಲ್ಲ ಅಂತ ಯೋಚನೆ ಬೇಡ. ಹಗಲು ಮೊಟಕಾದ ಮೇಲೇ ಅದು ಹೂ ಬಿಡುವುದು.

ಸೆಪ್ಟೆಂಬರ್, ಅಕ್ಟೋಬರ್
ಸೆಪ್ಟೆಂಬರ್ 12ಕ್ಕೆ ಟೊಮೇಟೊ ಸಸಿ ಬೆಂಡೆ ತೆಗೆದ ಬ್ಯಾಗಿಗೆ. ಬದನೆ ಕೊಯ್ಲು 15ರಿಂದ. ಮಳೆ ಜೋರಿರುವಾಗ ಕೊತ್ತಂಬರಿ ಬಿತ್ತಬೇಡಿ, ಕೊಳೆಯುತ್ತದೆ. ಬ್ಯಾಗಿನ ತಳದ ತೂತು ಕಡ್ಡಿ ಹಾಕಿ ಬಿಡಿಸಿ. ಅಕ್ಟೋಬರ್ 20ರ ಮೇಲೆ ಮೂಲಂಗಿ, ನವಿಲುಕೋಸು, ಕ್ಯಾರೆಟ್.

ನವೆಂಬರ್‌ನಿಂದ ಜನವರಿ
ತಾರಸಿಗೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಹರಿವೆ ಬಿಟ್ಟು ಎಲ್ಲ ಸೊಪ್ಪೂ ಈಗಲೇ. ನವೆಂಬರ್ 1ರಿಂದ ಪ್ರತಿ 15 ದಿನಕ್ಕೆ ಎರಡೇ ಕ್ರೇಟ್ ಬಿತ್ತಿ: ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ಒಂದೇ ಸಲ ಆರಕ್ಕೂ ಬಿತ್ತಿದರೆ ಒಂದು ವಾರ ಮನೆ ತುಂಬಾ ಸೊಪ್ಪು, ಆಮೇಲೆ ಏನೂ ಇಲ್ಲ. ಕೊತ್ತಂಬರಿ ಬೀಜವನ್ನು ಲೋಟದ ತಳದಿಂದ ಮೆಲ್ಲಗೆ ಉಜ್ಜಿ, ಎರಡು ಹೋಳಾದರೆ ಸಾಕು. ಪುಡಿಯಾಗಬಾರದು. ರಾತ್ರಿ ನೆನೆಸಿ ಬಿತ್ತಿ.

ಕೊಯ್ಲು: ಮೆಂತ್ಯ 25–30 ದಿನಕ್ಕೆ, ಪಾಲಕ್ 35ಕ್ಕೆ, ಕೊತ್ತಂಬರಿ 40–45ಕ್ಕೆ. ಟೊಮೇಟೊ ನವೆಂಬರ್ ಕೊನೆಗೆ, ಮೂಲಂಗಿ ಡಿಸೆಂಬರ್ 5ಕ್ಕೆ, ನವಿಲುಕೋಸು 20ಕ್ಕೆ, ಕ್ಯಾರೆಟ್ ಜನವರಿ 20ಕ್ಕೆ. ಅವರೆ ಡಿಸೆಂಬರ್ ಕೊನೆಯಿಂದ. ಸಂಕ್ರಾಂತಿ ಪೊಂಗಲ್‌ಗೆ ನಮ್ಮದೇ ಅವರೆಕಾಳು ಹಾಕೋಣ. ಎಲೆ ಮೇಲೆ ಬಿಳಿ ಬೂದಿ ಕಂಡರೆ ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಸಿಂಪಡಿಸಿ.

ಫೆಬ್ರವರಿ
1–5: ಹಾಗಲ ಡ್ರಮ್ಮಿಗೆ, ಬೆಂಡೆ 3 ಬ್ಯಾಗಿಗೆ, ಹರಿವೆ 2 ಕ್ರೇಟಿಗೆ. ರಥಸಪ್ತಮಿ ಕಳೆದರೆ ಬಿಸಿಲು ಏರುತ್ತದೆ, ತಡ ಮಾಡಬೇಡಿ. ಹಾಗಲ ಏಪ್ರಿಲ್ ಮೊದಲ ವಾರ ಸಿಗುತ್ತದೆ.

ಮಾರ್ಚ್, ಏಪ್ರಿಲ್
ಹೊಸದಾಗಿ ಹರಿವೆ ಬಿಟ್ಟು ಬೇರೇನೂ ಬೇಡ. ಮಾರ್ಚ್ 1ಕ್ಕೆ ನೆರಳು ಬಲೆ ಕಟ್ಟಿ, ಮಣ್ಣಿನ ಮೇಲೆ ಒಣ ಎಲೆ ಹೊದಿಸಿ.

ಮೇ
ಭರಣಿ ಮಳೆ ಬಿದ್ದ ಮೇಲೆ ಹಳೇ ಗಿಡ ಕಿತ್ತು, ಮಣ್ಣು ಹರವಿ ವಾರ ಒಣಗಿಸಿ.

ನೀರು
ಮಳೆಗಾಲದಲ್ಲಿ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಚಳಿಗಾಲದಲ್ಲಿ ಬ್ಯಾಗಿಗೆ ದಿನಕ್ಕೆ ಒಂದು ಲೀಟರ್, ಬೆಳಿಗ್ಗೆ. ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ ಒಂದು ಲೀಟರ್, ಸಂಜೆ 5ರ ಮೇಲೆ ಇನ್ನೊಂದು. ಅಪ್ಪಾಜಿ, ಸಂಜೆ ಪೈಪಿನೊಳಗೆ ನಿಂತ ನೀರು ಕುದಿ ಬಂದ ಹಾಗಿರುತ್ತದೆ. ಮೊದಲು ಅದನ್ನು ಬಕೆಟ್ಟಿಗೆ ಬಿಡಿ, ತಣ್ಣೀರು ಬಂದ ಮೇಲೆ ಗಿಡಕ್ಕೆ ಹಿಡಿಯಿರಿ.

ಗೊಬ್ಬರ
ಪ್ರತಿ ತಿಂಗಳು 1ಕ್ಕೆ ಬ್ಯಾಗಿಗೆ ಎರಡು ಹಿಡಿ ಎರೆಗೊಬ್ಬರ. 15ಕ್ಕೆ ಕಡಲೆಕಾಯಿ ಹಿಂಡಿ ನೀರು: 100 ಗ್ರಾಂ ಹಿಂಡಿ ಒಂದು ಲೀಟರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಾಲು ನೀರು ಸೇರಿಸಿ. 12ಕ್ಕೇ ನೆನೆಹಾಕಲು ಮರೆಯಬೇಡಿ. ಮಣ್ಣು ಒಣಗಿದ್ದರೆ ಮೊದಲು ಬರೀ ನೀರು ಕೊಡಿ. ಏಪ್ರಿಲ್‌ನಲ್ಲಿ ಹಿಂಡಿ ನೀರು ಬೇಡ, ಮೇ ತಿಂಗಳು ಮಣ್ಣಿಗೆ ಬಿಡುವು.