ಅಮ್ಮನ ಮಾತ್ರೆ ಪಟ್ಟಿ, ಇವತ್ತು ಸೋಮವಾರ ರಾತ್ರಿಯಿಂದ

ಸರೋಜಕ್ಕ, ನೀವು ಕಳಿಸಿದ ಫೋಟೋ ಎಲ್ಲಾ ನೋಡಿದೆ. ಸ್ಟ್ರಿಪ್‌ಗಳದ್ದು, ಡಬ್ಬಿದು, ಒಳಗಿದ್ದ ಸಣ್ಣಕ್ಷರದ ಕಾಗದದ್ದು, ಡಿಸ್ಚಾರ್ಜ್ ಚೀಟಿದು, ಎಲ್ಲಾನೂ ದೊಡ್ಡದು ಮಾಡಿ ಓದಿದೆ. ಡಾಕ್ಟರ್ ಹತ್ತಿರವೂ ಫೋನಲ್ಲಿ ಒಂದೊಂದೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಇದ್ದದ್ದನ್ನೆಲ್ಲ ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ಇದನ್ನು ಪ್ರಿಂಟ್ ತೆಗೆಸಿ ಅಡುಗೆಮನೆ ಫ್ರಿಜ್ ಮೇಲೆ ಅಂಟಿಸಿ.

ಮಾತ್ರೆ ಕೊಡೋಕೆ ಮುಂಚೆ ಎರಡು ಕೆಲಸ ಇದೆ, ಇವತ್ತು ಸಂಜೆಯೇ ಮಾಡಿ.

ಒಂದು, ಬಿಪಿ ಮಾತ್ರೆ ಬದಲಾಯಿಸಬೇಕು. ಚೀಟಿಯಲ್ಲಿ ಬರೀ ಟೆಲ್ಮಿಸಾರ್ಟನ್ 40 ಅಂತ ಇದೆ. ಮೆಡಿಕಲ್ ಶಾಪ್‌ನವರು ಕೊಟ್ಟಿರುವ ಸ್ಟ್ರಿಪ್ ಮೇಲೆ 40 ಆದ ಮೇಲೆ "ಎಚ್" ಅಂತ ಒಂದಕ್ಷರ ಇದೆ. ಅದರಲ್ಲಿ ಮೂತ್ರ ಜಾಸ್ತಿ ಹೋಗಿಸುವ ಇನ್ನೊಂದು ಔಷಧಿ ಸೇರಿದೆ, ಅಮ್ಮನಿಗೆ ಅದನ್ನು ಬರೆದಿಲ್ಲ. ಡಾಕ್ಟರ್ ಕೂಡ "ಎಚ್ ಇಲ್ಲದ್ದೇ ಕೊಡಿ" ಅಂದರು. ಅಂಗಡಿಯವರಿಗೆ ಹೇಳಿದ್ದೇನೆ, ಹುಡುಗ ಏಳು ಗಂಟೆ ಒಳಗೆ ಸರಿಯಾದದ್ದು ತಂದುಕೊಟ್ಟು ಹಳೇದು ತಗೊಂಡು ಹೋಗ್ತಾನೆ. ಇವತ್ತಿನ ಬಿಪಿ ಮಾತ್ರೆ ಬೆಳಿಗ್ಗೆ ಆಸ್ಪತ್ರೆಯಲ್ಲೇ ಆಗಿದೆ, ಹಾಗಾಗಿ ನಾಳೆ ಬೆಳಿಗ್ಗೆವರೆಗೆ ಗಾಬರಿ ಇಲ್ಲ.

ಎರಡು, ಥೈರಾಯ್ಡ್ ಡಬ್ಬಿ. ಫೋಟೋದಲ್ಲಿ ಎರಡು ಡಬ್ಬಿ ಕಾಣ್ತಿದೆ, ಒಂದರ ಮೇಲೆ 25, ಇನ್ನೊಂದರ ಮೇಲೆ 50. 25ರದ್ದು ಹಳೇದು, ಡೋಸ್ ಹೆಚ್ಚಿಸಿದ ಮೇಲೆ ಹಾಗೇ ಉಳಿದುಕೊಂಡಿದೆ. ಅದನ್ನು ಒಂದು ಕವರ್‌ಗೆ ಹಾಕಿ ಬೀರುವಿನೊಳಗೆ ಇಡಿ, ನಾನು ಬಂದಾಗ ನೋಡ್ತೀನಿ. ಅಮ್ಮ "ಎರಡು 25 ಹಾಕಿದರೆ 50 ಆಯ್ತಲ್ವಾ" ಅಂತ ಖಂಡಿತ ಕೇಳ್ತಾರೆ. ಲೆಕ್ಕ ಸರಿ, ಆದರೆ ಅದರ ತಾರೀಖು ಮುಗಿದಿದೆ. ಕೊಡಬೇಡಿ.

ಈಗ ಸ್ಕೆಚ್ ಪೆನ್ ತಗೊಂಡು ಪ್ರತಿ ಸ್ಟ್ರಿಪ್ ಹಿಂದೆ ದೊಡ್ಡದಾಗಿ ನಂಬರ್ ಬರೆಯಿರಿ. ಹೆಸರು ಓದುವ ಕಷ್ಟ ಇರಲ್ಲ. ನಂಬರ್ ಬರೆಯುವಾಗ ನನಗೆ ವಿಡಿಯೋ ಕಾಲ್ ಮಾಡಿ, ಇಬ್ಬರೂ ಸೇರಿ ಬರೆಯೋಣ.

| ನಂಬರ್ | ಹೆಸರು | ಯಾತಕ್ಕೆ |
|---|---|---|
| 1 | ಥೈರಾಕ್ಸಿನ್ 50 (ಡಬ್ಬಿ) | ಥೈರಾಯ್ಡ್ |
| 2 | ಗ್ಲಿಮೆಪಿರೈಡ್ 1 + ಮೆಟ್‌ಫಾರ್ಮಿನ್ 500 ಎಸ್‌ಆರ್ | ಶುಗರ್, ಬೆಳಗಿಂದು |
| 3 | ಟೆಲ್ಮಿಸಾರ್ಟನ್ 40 ("ಎಚ್" ಇಲ್ಲದ್ದು) | ಬಿಪಿ |
| 4 | ಅಮಾಕ್ಸಿಸಿಲಿನ್ ಕ್ಲಾವುಲನೇಟ್ 625 | ಕಾಲಿನ ಗಾಯ, ಆಂಟಿಬಯೋಟಿಕ್ |
| 5 | ಕ್ಯಾಲ್ಸಿಯಂ 500 | ಮೂಳೆ |
| 6 | ಮೆಟ್‌ಫಾರ್ಮಿನ್ 500 ಎಸ್‌ಆರ್ | ಶುಗರ್, ರಾತ್ರಿದು |
| 7 | ಅಟೋರ್ವಾಸ್ಟಾಟಿನ್ 10 | ಕೊಲೆಸ್ಟ್ರಾಲ್ |
| 8 | ಪ್ಯಾರಾಸಿಟಮಾಲ್ 650 | ನೋವು, ಜ್ವರ ಇದ್ದರೆ ಮಾತ್ರ |
| 9 | ವಿಟಮಿನ್ ಡಿ3 60,000 (ಪುಡಿ ಪ್ಯಾಕೆಟ್) | ವಾರಕ್ಕೆ ಒಂದೇ ಸಲ |

ದಿನದ ಪಟ್ಟಿ ಇದು. ಗಡಿಯಾರ ಹತ್ತು ನಿಮಿಷ ಆಚೀಚೆ ಆದರೆ ಏನೂ ಆಗಲ್ಲ. ಊಟದ ಲೆಕ್ಕ ಮಾತ್ರ ತಪ್ಪಬಾರದು.

| ಹೊತ್ತು | ನಂಬರ್ | ಎಷ್ಟು | ಹೇಗೆ |
|---|---|---|---|
| ಬೆಳಿಗ್ಗೆ 6:00 | 1 | 1 | ಖಾಲಿ ಹೊಟ್ಟೆ, ಬರೀ ನೀರಲ್ಲಿ. ಕಾಫಿ 7 ಗಂಟೆಗೆ |
| ಬೆಳಿಗ್ಗೆ 8:30, ತಿಂಡಿ ತಟ್ಟೆ ಮುಂದೆ ಬಂದ ಮೇಲೆ | 2 | 1 | ನುಂಗಿ ತಕ್ಷಣ ತಿಂಡಿ ಶುರು. ಪೂರ್ತಿ ನುಂಗಬೇಕು |
| ಅದೇ ಹೊತ್ತು, ಮೊದಲ ಎರಡು ತುತ್ತು ಆದ ಮೇಲೆ | 4 | 1 | ಶನಿವಾರ ಬೆಳಿಗ್ಗೆ ಕೊನೆಯದು |
| ತಿಂಡಿ ಮುಗಿದ ಮೇಲೆ | 3 | 1 | ನುಂಗುವ ಹೊತ್ತಿಗೇ ಸ್ಟ್ರಿಪ್‌ನಿಂದ ಬಿಡಿಸಿ |
| ಮಧ್ಯಾಹ್ನ 1:30, ಊಟ ಆದ ಮೇಲೆ | 5 | 1 | ನೀರಲ್ಲಿ |
| ಭಾನುವಾರ ಮಾತ್ರ, ಮಧ್ಯಾಹ್ನದ ಊಟ ಆದ ಮೇಲೆ | 9 | 1 ಪ್ಯಾಕೆಟ್ | ಅರ್ಧ ಲೋಟ ಹಾಲಲ್ಲಿ ಕಲಸಿ |
| ರಾತ್ರಿ 8:30, ಊಟದ ಮೊದಲ ಎರಡು ತುತ್ತು ಆದ ಮೇಲೆ | 4 | 1 | ಇವತ್ತು ರಾತ್ರಿ ಮೊದಲನೆಯದು, ಶುಕ್ರವಾರ ರಾತ್ರಿ ಕೊನೆಯದು |
| ರಾತ್ರಿ ಊಟ ಮುಗಿದ ತಕ್ಷಣ | 6 | 1 | ಪೂರ್ತಿ ನುಂಗಬೇಕು |
| ರಾತ್ರಿ 9:30, ಮಲಗುವ ಮುಂಚೆ | 7 | 1 | ನೀರಲ್ಲಿ |
| ನೋವು, ಜ್ವರ ಇದ್ದಾಗ | 8 | 1 | 6 ಗಂಟೆ ಅಂತರ, ದಿನಕ್ಕೆ 3ಕ್ಕಿಂತ ಜಾಸ್ತಿ ಬೇಡ |

ಇನ್ನು ಒಂದೊಂದರ ವಿಷಯ. ಒಳಗಿನ ಕಾಗದದಲ್ಲಿ ಅಡ್ಡಪರಿಣಾಮ ಅಂತ ಪುಟಗಟ್ಟಲೆ ಇದೆ, ಅದನ್ನೆಲ್ಲ ಬರೆದರೆ ನಿಮಗೆ ಸುಮ್ನೆ ಹೆದರಿಕೆ ಆಗುತ್ತೆ. ನೀವು ಕಣ್ಣಿಟ್ಟು ನೋಡಬೇಕಾದದ್ದನ್ನು ಮಾತ್ರ ಇಟ್ಟಿದ್ದೇನೆ.

ನಂಬರ್ 2, ಇದನ್ನೇ ಎಲ್ಲಕ್ಕಿಂತ ಹುಷಾರಾಗಿ ನೋಡಿ. ಇದು ಅಮ್ಮ ತಿಂದರೂ ತಿನ್ನದಿದ್ದರೂ ಶುಗರ್ ಇಳಿಸುತ್ತೆ. ಅವರದ್ದು ಗೊತ್ತಲ್ಲ, ಮಾತ್ರೆ ನುಂಗಿಬಿಟ್ಟು "ಆಮೇಲೆ ತಿಂತೀನಿ ಬಿಡು" ಅಂತ ಪೂಜೆಗೆ ಕೂತುಬಿಡ್ತಾರೆ. ಹಾಗಾಗಿ ತಟ್ಟೆ ಎದುರಿಗೆ ಬರುವವರೆಗೆ ಮಾತ್ರೆ ನಿಮ್ಮ ಕೈಯಲ್ಲೇ ಇರಲಿ. ತಿಂಡಿ ಬೇಡ ಅಂದರೆ, ವಾಂತಿ ಆಗ್ತಿದ್ದರೆ, ಏಕಾದಶಿ ಉಪವಾಸ ಅಂತ ಹಟ ಹಿಡಿದರೆ 2 ಕೊಡಬೇಡಿ, ನನಗೆ ಫೋನ್ ಮಾಡಿ. ವಾಂತಿ ಭೇದಿ ಜೋರಾಗಿದ್ದರೆ 6 ಕೂಡ ನಿಲ್ಲಿಸಿ, ಡಾಕ್ಟರ್ ಹತ್ತಿರ ಮಾತಾಡೋಣ.

ಮೈ ಬೆವರುವುದು, ಕೈ ನಡುಗುವುದು, ಇದ್ದಕ್ಕಿದ್ದಂತೆ ಹಸಿವು, ಮಾತು ತೊದಲುವುದು, ಏನೋ ಮಂಕಾಗಿ ಕೂರುವುದು, ಇವು ಶುಗರ್ ಇಳಿದ ಗುರುತು. ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಇನ್ನೊಂದು ಸಲ ಅಷ್ಟೇ ಕುಡಿಸಿ. ದಾಟಿದ ಮೇಲೆ ಎರಡು ಬಿಸ್ಕತ್ತೋ ಒಂದು ಇಡ್ಲಿಯೋ ತಿನ್ನಿಸಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ನೀರು ಮೊದಲು. ಪ್ರಜ್ಞೆ ಇಲ್ಲದಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಆಮೇಲೆ ನನಗೆ.

2 ಮತ್ತು 6 ಅದಲುಬದಲು ಆಗಬಾರದು. ಎರಡೂ ಒಂದೇ ಕಂಪನಿದು, ಪೆಟ್ಟಿಗೆ ಒಂದೇ ಥರ ಕಾಣುತ್ತೆ. ರಾತ್ರಿ ಹೊತ್ತಲ್ಲಿ 2 ಕೊಟ್ಟುಬಿಟ್ಟರೆ ನಿದ್ದೆಯಲ್ಲಿ ಶುಗರ್ ಇಳಿಯಬಹುದು, ಯಾರಿಗೂ ಗೊತ್ತಾಗಲ್ಲ. ಅದಕ್ಕೆ 2 ಅನ್ನು ತಿಂಡಿ ಡಬ್ಬಿ ಪಕ್ಕ ಇಡಿ, 6 ಮತ್ತು 7 ಅನ್ನು ಅಮ್ಮನ ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಡಿ. ಎರಡನ್ನೂ ಪುಡಿ ಮಾಡಬಾರದು, ಮುರಿಯಬಾರದು. ಎಸ್‌ಆರ್ ಅಂದರೆ ಔಷಧಿ ನಿಧಾನವಾಗಿ ಬಿಡುಗಡೆ ಆಗೋ ಹಾಗೆ ಮಾಡಿರೋ ಮಾತ್ರೆ, ಮುರಿದರೆ ಎಲ್ಲಾ ಒಟ್ಟಿಗೇ ಒಳಗೆ ಹೋಗುತ್ತೆ. ಮಲದಲ್ಲಿ ಮಾತ್ರೆಯ ಸಿಪ್ಪೆಯಂಥದ್ದು ಕಂಡರೆ "ಮಾತ್ರೆ ಕರಗಲೇ ಇಲ್ಲ" ಅಂತ ಇನ್ನೊಂದು ಕೊಡಬೇಡಿ. ಔಷಧಿ ಒಳಗೆ ಹೋಗಿರುತ್ತೆ, ಖಾಲಿ ಹೊರಕವಚ ಮಾತ್ರ ಹೊರಗೆ ಬರುತ್ತೆ.

ನಂಬರ್ 1. ಕಾಫಿ, ಹಾಲು, ಕ್ಯಾಲ್ಸಿಯಂ ಇದರ ಜೊತೆ ಹೋದರೆ ಮಾತ್ರೆ ಮೈಗೆ ಹತ್ತೋದು ಕಡಿಮೆ ಆಗುತ್ತೆ. ಕ್ಯಾಲ್ಸಿಯಂಗೆ ಕನಿಷ್ಠ 4 ಗಂಟೆ ಅಂತರ ಬೇಕು. ಅದಕ್ಕೇ 5 ಅನ್ನು ಮಧ್ಯಾಹ್ನಕ್ಕೆ ಹಾಕಿದ್ದೇನೆ, ಬೆಳಿಗ್ಗೆಗೆ ತರಬೇಡಿ. ಅಮ್ಮ ಎದ್ದ ಕೂಡಲೇ ಕಾಫಿ ಕೇಳ್ತಾರೆ. ಒಂದು ಗಂಟೆ ತಡೆಯೋದು ಕಷ್ಟ, ಗೊತ್ತು. ಬೇಕಾದರೆ ಐದೂವರೆಗೇ ಮಾತ್ರೆ ಕೊಟ್ಟುಬಿಡಿ.

ನಂಬರ್ 3. ವಾರದ ಮಾತ್ರೆ ಡಬ್ಬಿಗೆ ಎಲ್ಲಾ ಬಿಡಿಸಿ ಹಾಕೋಣ ಅಂತ ನೀವು ಕೇಳಿದಿರಲ್ಲ, ಒಳ್ಳೇ ಯೋಚನೆ, ಆದರೆ ಇದೊಂದನ್ನು ಹಾಕಬೇಡಿ. ತೇವ ಬಡಿದರೆ ಕೆಡುತ್ತೆ. ಏಳುವಾಗ ತಲೆಸುತ್ತು ಬರಬಹುದು, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ ಆಮೇಲೆ ಎಬ್ಬಿಸಿ. ಈ ಮಾತ್ರೆಗೆ ಮೈಯಲ್ಲಿ ಪೊಟ್ಯಾಸಿಯಂ ಏರಬಹುದು, ಎಳನೀರಿನಲ್ಲೂ ಅದು ಜಾಸ್ತಿ ಇರುತ್ತೆ. ನಮ್ಮ ತಿಪಟೂರಲ್ಲಿ ಆಸ್ಪತ್ರೆಯಿಂದ ಬಂದವರನ್ನು ನೋಡೋಕೆ ಬರೋರೆಲ್ಲ ಎಳನೀರು ತರ್ತಾರೆ, ಬೇಡ ಅನ್ನೋಕೂ ಆಗಲ್ಲ. ರಕ್ತ ಪರೀಕ್ಷೆ ರಿಪೋರ್ಟ್ ಬರುವವರೆಗೆ ದಿನಾ ಕೊಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ನೀವೇ ಕುಡಿಯಿರಿ. ಕಡಿಮೆ ಸೋಡಿಯಂ ಇರುವ ಉಪ್ಪು ಅಂತ ಮಾರ್ತಾರಲ್ಲ, ಅದರಲ್ಲೂ ಪೊಟ್ಯಾಸಿಯಂ ಇದೆ, ಅದೂ ಬೇಡ.

ನಂಬರ್ 4. ಒಟ್ಟು 10 ಮಾತ್ರೆ, ದಿನಕ್ಕೆ ಎರಡು. ಗಾಯ ಒಣಗಿದ ಹಾಗೆ ಕಂಡರೂ ಮಧ್ಯದಲ್ಲಿ ನಿಲ್ಲಿಸಬೇಡಿ. ಸ್ವಲ್ಪ ಭೇದಿ ಆಗಬಹುದು, ಅದಕ್ಕೇ ಊಟದ ಜೊತೆ. ಮೈಮೇಲೆ ದದ್ದು ಎದ್ದರೆ, ತುಟಿ ಮುಖ ಊದಿದರೆ, ಉಸಿರಾಡೋಕೆ ಕಷ್ಟ ಆದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಮ್ಮನಿಗೆ ಹಿಂದೆ ಯಾವತ್ತೂ ಇದು ಆಗಿರಲಿಲ್ಲ, ಆದರೂ ಮೊದಲ ಎರಡು ದಿನ ಕೈ, ಬೆನ್ನು ನೋಡ್ತಾ ಇರಿ.

ನಂಬರ್ 8. ಡ್ರೆಸಿಂಗ್ ಮಾಡಿದ ದಿನ ನೋವು ಅಂತಾರೆ, ಆಗ ಕೊಡಿ. ಪಕ್ಕದ ಮನೆಯವರು "ನನ್ನ ಮೊಣಕಾಲಿಗೆ ಇದು ಚೆನ್ನಾಗಿ ಕೆಲಸ ಮಾಡ್ತು" ಅಂತ ಬೇರೆ ನೋವಿನ ಮಾತ್ರೆ ಕೊಟ್ಟರೆ ತಗೊಳ್ಳಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಬಿಪಿ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೆ ತೊಂದರೆ. ನೆಗಡಿ ಮಾತ್ರೆ ಬೇಕಾದರೂ ಕೇಳಿ, ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತೆ, ಎರಡೂ ಕೊಟ್ಟರೆ ಡಬಲ್ ಆಗುತ್ತೆ.

ನಂಬರ್ 9 ದಿನಾ ಕೊಡೋದಲ್ಲ. ಕ್ಯಾಲೆಂಡರ್‌ನಲ್ಲಿ 8 ಭಾನುವಾರಕ್ಕೆ ಸುತ್ತು ಹಾಕಿ, ಕೊಟ್ಟಾಗ ಗೀಟು ಹಾಕಿ. 7ಕ್ಕೆ ಒಂದೇ ಮಾತು, ಕಾರಣ ಇಲ್ಲದೆ ತೊಡೆ, ತೋಳು ತುಂಬಾ ನೋಯುತ್ತೆ ಅಂದರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೇಳಿ.

ಮರೆತರೆ? ಯಾವುದನ್ನೂ ಎರಡು ಒಟ್ಟಿಗೆ ಕೊಡಬೇಡಿ. 1 ತಿಂಡಿ ಆದ ಮೇಲೆ ನೆನಪಾದರೆ ಅವತ್ತಿಗೆ ಬಿಡಿ ಅಂದಿದ್ದಾರೆ ಡಾಕ್ಟರ್, ಮಾರನೇ ದಿನ ಒಂದೇ. 2 ತಿಂಡಿ ಜೊತೆ ಮರೆತರೆ ಅವತ್ತಿಗೆ ಮುಗೀತು, ಖಾಲಿ ಹೊಟ್ಟೆಗೆ ಆಮೇಲೆ ಕೊಡೋದು ಬೇಡ. 4 ಮರೆತರೆ ನೆನಪಾದಾಗ ಸ್ವಲ್ಪ ಏನಾದರೂ ತಿನ್ನಿಸಿ ಕೊಡಿ, ಮುಂದಿನದಕ್ಕೆ ಕನಿಷ್ಠ 4 ಗಂಟೆ ಅಂತರ ಇರಲಿ. ಉಳಿದವು ಮರೆತರೆ ನನ್ನನ್ನು ಕೇಳಿ. ಕೊಟ್ಟಿದ್ದೀರೋ ಇಲ್ಲವೋ ಅನುಮಾನ ಬಂದರೆ ಕೊಡಬೇಡಿ, ಮೊದಲು ಸ್ಟ್ರಿಪ್ ಎಣಿಸೋಣ.

ಸ್ಟ್ರಿಪ್‌ನಿಂದ ಮಾತ್ರೆ ತೆಗೆಯುವಾಗ ಹೆಸರು, ತಾರೀಖು ಇರುವ ತುದಿ ಕೊನೆಗೆ ಉಳಿಯಲಿ. ಕೆಂಪು ಗೆರೆ ನೋಡಿ ಗುರುತು ಹಿಡಿಯಬೇಡಿ, ಅದು ಹೆಚ್ಚು ಕಡಿಮೆ ಎಲ್ಲದರ ಮೇಲೂ ಇದೆ, ಚೀಟಿ ಇಲ್ಲದೆ ಮಾರಬಾರದು ಅಂತ ಅಷ್ಟೇ. ಅಂಗಡಿಯವರು ಮುಂದಿನ ಸಲ ಬೇರೆ ಕಂಪನಿದು ಕೊಟ್ಟರೆ ಬಣ್ಣ ಬದಲಾಗುತ್ತೆ, ಅಂಥದ್ದು ಬಂದರೆ ಕೊಡೋ ಮುಂಚೆ ಫೋಟೋ ಕಳಿಸಿ. ಸ್ಟ್ರಿಪ್ ಹಿಂಬದಿಯದು, ಬೆಳಕು ಬೀಳುವ ಕಡೆ ಇಟ್ಟು, ಹೊಳಪು ಇಲ್ಲದ ಹಾಗೆ. ಈ ಸಲ 7ರ ಫೋಟೋದಲ್ಲಿ 10ರ ಮೇಲೇ ಫ್ಲಾಶ್ ಬಿದ್ದಿತ್ತು, ಅಂಗಡಿಗೆ ಫೋನ್ ಮಾಡಿ ಬಿಲ್ ನೋಡಿಸಿ ಖಾತ್ರಿ ಮಾಡಿಕೊಂಡೆ.

ಕೊಟ್ಟ ಮೇಲೆ ನೋಟ್‌ಬುಕ್‌ನಲ್ಲಿ ನಂಬರ್ ಪಕ್ಕ ಟಿಕ್ ಹಾಕಿ. ಮುಂಚೆ ಹಾಕಬೇಡಿ, ಅಮ್ಮ ನುಂಗಿದ್ದು ಕಣ್ಣಾರೆ ನೋಡಿದ ಮೇಲೆ. ಬೆಳಿಗ್ಗೆ 8ಕ್ಕೆ ತಿಂಡಿಗೆ ಮುಂಚಿನ ಶುಗರ್, 11ಕ್ಕೆ ಬಿಪಿ, ಎರಡೂ ಅದೇ ಹಾಳೆಯಲ್ಲಿ ಬರೆಯಿರಿ. ರಾತ್ರಿ ಮಲಗುವ ಮುಂಚೆ ಆ ಹಾಳೆಯ ಒಂದು ಫೋಟೋ ಕಳಿಸಿ, ಎಷ್ಟೊತ್ತಾದರೂ ನಾನು ನೋಡ್ತೀನಿ.

ಶನಿವಾರ ಬೆಳಿಗ್ಗೆ 4ರ ಕೊನೆಯ ಮಾತ್ರೆ ಆದ ಕೂಡಲೇ ಹೇಳಿ, ಅದನ್ನು ತೆಗೆದು ಹೊಸ ಪಟ್ಟಿ ಕಳಿಸ್ತೀನಿ. ಹಳೇ ಹಾಳೆ ಫ್ರಿಜ್ ಮೇಲಿಂದ ತೆಗೆದು ಹರಿದುಹಾಕಿ, ಎರಡೂ ಜೊತೆಗೆ ಇರಬಾರದು.